ಮೊಟ್ಟೆ ಹಾಕದ ಕೇಕ್ ಹಿಟ್ಟನ್ನು ಹಸಿಯಾಗಿ ತಿನ್ನಬಹುದೇ?

ಪ್ರಶ್ನೆ: ನಾನು ಮನೆಯಲ್ಲಿ ಮೊಟ್ಟೆ ಹಾಕದೆ ಕೇಕ್, ಕುಕೀಸ್ ಮಾಡುತ್ತೇನೆ. ನಾಲ್ಕು ವರ್ಷದ ಮಗಳು ಪಾತ್ರೆ ನೆಕ್ಕಲು ಕಾದು ಕೂತಿರುತ್ತಾಳೆ. ಮೊಟ್ಟೆಯೇ ಇಲ್ಲವಲ್ಲ, ಏನಾಗುತ್ತದೆ ಎಂದು ಕೊಡುತ್ತಿದ್ದೆ. ಈಗ ನೋಡಿದರೆ ಹಸಿ ಮೈದಾವೇ ಅಪಾಯ ಎನ್ನುತ್ತಾರೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡರೆ ಸರಿಹೋಗುತ್ತದೆ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಇದು ನಿಜವೇ? ನಿನ್ನೆಯೂ ಎರಡು ಚಮಚ ತಿಂದಿದ್ದಾಳೆ. ಈಗ ಏನು ಮಾಡಲಿ?

ಉತ್ತರ: ನಿನ್ನೆಯ ಎರಡು ಚಮಚಕ್ಕೆ ಇವತ್ತು ಮಾಡಬೇಕಾದದ್ದು ಏನೂ ಇಲ್ಲ. ವಾಂತಿ ಮಾಡಿಸುವುದು ಬೇಡ, ಮುಂಜಾಗ್ರತೆಗೆಂದು ಮಾತ್ರೆ ಕೊಡುವುದೂ ಬೇಡ. ಹೆಚ್ಚಿನ ಸಂಭವ ಏನೂ ಆಗುವುದಿಲ್ಲ. ಆದರೆ ಮುಂದಿನ ಹತ್ತು ದಿನ ಗಮನದಲ್ಲಿಡಬೇಕಾದ ಕೆಲವು ಲಕ್ಷಣಗಳಿವೆ, ಅವನ್ನು ಕೊನೆಯಲ್ಲಿ ಹೇಳುತ್ತೇನೆ. ಮೈಕ್ರೋವೇವಿನ ಉಪಾಯವನ್ನು ಮಾತ್ರ ನಂಬಬೇಡಿ. ಅದೇಕೆ ಎಂದು ತಿಳಿಯಲು ಮೊದಲು ಮೈದಾ ನಿಮ್ಮ ಡಬ್ಬಿಗೆ ಬರುವ ದಾರಿಯನ್ನು ನೋಡಬೇಕು.

ಹಿಟ್ಟು ಒಣಗಿದೆ, ಬೆಳ್ಳಗಿದೆ, ವಾಸನೆಯಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಅದನ್ನು ಯಾರೂ 'ಹಸಿ ಪದಾರ್ಥ' ಎಂದುಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ ಅದು ತೊಳೆಯದ ತರಕಾರಿಯಷ್ಟೇ ಹಸಿ. ಗೋಧಿ ತೆನೆ ಬಯಲಿನಲ್ಲಿ ನಿಂತಿರುತ್ತದೆ. ಹಕ್ಕಿ ಹಿಕ್ಕೆ ಹಾಕುತ್ತದೆ, ಜಿಂಕೆ ದನಗಳು ಓಡಾಡುತ್ತವೆ, ನೀರಾವರಿಯ ನೀರು ಎಲ್ಲಿಂದಲೋ ಬರುತ್ತದೆ. ಈ ಯಾವುದರಿಂದಲಾದರೂ ಕರುಳಿನ ಬ್ಯಾಕ್ಟೀರಿಯಾ ಕಾಳಿನ ಮೇಲೆ ಕೂರಬಹುದು. ಗಿರಣಿಯಲ್ಲಿ ಕಾಳನ್ನು ಶುಚಿ ಮಾಡುತ್ತಾರೆ, ತೌಡು ಸಲೀಸಾಗಿ ಬಿಡಲೆಂದು ಸ್ವಲ್ಪ ನೀರು ಸೇರಿಸಿ ಕೆಲವು ಗಂಟೆ ಇಡುತ್ತಾರೆ, ಆಮೇಲೆ ಬೀಸಿ ಜರಡಿ ಹಿಡಿಯುತ್ತಾರೆ. ಈ ಇಡೀ ದಾರಿಯಲ್ಲಿ ರೋಗಾಣುವನ್ನು ಕೊಲ್ಲುವ ಹಂತ ಒಂದೂ ಇಲ್ಲ. ಬೀಸುವಾಗ ಹುಟ್ಟುವ ಬಿಸಿ ಅದಕ್ಕೆ ಸಾಲದು. ಮೈದಾವನ್ನು ಬಿಳುಪು ಮಾಡುವ ರಾಸಾಯನಿಕವೂ ಆ ಕೆಲಸ ಮಾಡುವುದಿಲ್ಲ. ಗಿರಣಿಯವರ ತಪ್ಪೆಂದು ಹೇಳುತ್ತಿಲ್ಲ. ಹಿಟ್ಟನ್ನು ಬೇಯಿಸಿಯೇ ತಿನ್ನುತ್ತಾರೆ ಎಂಬ ಲೆಕ್ಕದಲ್ಲಿ ಆ ಕಸುಬು ಬೆಳೆದು ಬಂದಿದೆ.

ಒಣ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅದಕ್ಕೆ ಬೇಕಾದ ನೀರು ಅಲ್ಲಿಲ್ಲ. ಆದರೆ ಸಾಯುವುದೂ ಇಲ್ಲ. ನೀರು ಕಳೆದುಕೊಂಡು, ಉಸಿರು ಹಿಡಿದು ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತದೆ. ನೀವು ಹಾಲು, ಬೆಣ್ಣೆ, ಸಕ್ಕರೆ ಹಾಕಿ ಕಲಸಿದಾಗ ಮತ್ತೆ ಎಚ್ಚರಾಗುತ್ತದೆ. ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟರೂ ಫ್ರೀಜರಿನಲ್ಲಿಟ್ಟರೂ ಅದು ತಣ್ಣಗೆ ಕಾಯುತ್ತದೆಯೇ ಹೊರತು ಸಾಯುವುದಿಲ್ಲ.

ಮೊಟ್ಟೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಚಿಪ್ಪು ಚೊಕ್ಕಟವಾಗಿದ್ದರೂ ಒಳಗೇ ಇರಬಹುದು. ನೀವು ಮೊಟ್ಟೆ ಬಿಟ್ಟಿದ್ದರಿಂದ ಆ ಒಂದು ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲು ಇದೆ ಎಂದು ಈ ಕ್ಷೇತ್ರದಲ್ಲಿರುವ ನಮಗೇ ಸರಿಯಾಗಿ ಮನವರಿಕೆಯಾದದ್ದು ತೀರಾ ಈಚೆಗೆ.

2009ರಲ್ಲಿ ಅಮೆರಿಕದಲ್ಲಿ ಅಂಗಡಿಯ ಪ್ಯಾಕೆಟ್ ಕುಕಿ ಹಿಟ್ಟನ್ನು ಹಸಿಯಾಗಿ ತಿಂದ 70ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಎಲ್ಲರಿಗೂ ಮೊದಲು ಹೊಳೆದದ್ದು ಮೊಟ್ಟೆ. ಆದರೆ ಆ ಹಿಟ್ಟಿಗೆ ಹಾಕಿದ್ದು ಪಾಶ್ಚರೀಕರಿಸಿದ ಮೊಟ್ಟೆ. ಅದೂ ಅಲ್ಲದೆ ರೋಗಿಗಳಲ್ಲಿ ಸಿಕ್ಕಿದ್ದು ಸಾಲ್ಮೊನೆಲ್ಲಾ ಅಲ್ಲ, ದನಗಳ ಕರುಳಲ್ಲಿ ವಾಸಿಸುವ, ಶಿಗಾ ಎಂಬ ನಂಜು ಉತ್ಪಾದಿಸುವ ಇ. ಕೊಲೈ. ಉಳಿದ ಪದಾರ್ಥಗಳೆಲ್ಲ ಸಂಸ್ಕರಿಸಿದವು, ಹಸಿಯಾಗಿ ಸೇರಿದ್ದು ಹಿಟ್ಟೊಂದೇ. ಅನುಮಾನ ಅದರ ಮೇಲೆ ಬಿತ್ತು, ಸಾಬೀತು ಮಾಡಲು ಆಗಲಿಲ್ಲ.

ಸಾಬೀತಾದದ್ದು 2016ರಲ್ಲಿ. ಆ ಪತ್ತೆ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಿಟ್ಟು ಎಷ್ಟು ಚೆನ್ನಾಗಿ ತಲೆಮರೆಸಿಕೊಳ್ಳುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. 2015ರ ಡಿಸೆಂಬರಿನಿಂದ ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ಇಲ್ಲೊಬ್ಬರು ಅಲ್ಲೊಬ್ಬರು ಇ. ಕೊಲೈ ಸೋಂಕಿಗೆ ಬೀಳತೊಡಗಿದರು. ಒಂದೇ ಊರಿನವರಲ್ಲ, ಒಂದೇ ಊಟ ಉಂಡವರಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಓದಿದಾಗ ಮಾತ್ರ ಎಲ್ಲರದ್ದೂ ಒಂದೇ ತಳಿ, ಓ121, ಎಂದು ತಿಳಿಯಿತು. ಮಾಂಸ, ಸೊಪ್ಪು, ಹಾಲು ಎಂದು ಮಾಮೂಲಿ ಪ್ರಶ್ನಾವಳಿ ಹಿಡಿದು ಕೇಳಿದರು. ಯಾವುದೂ ತಾಳೆಯಾಗಲಿಲ್ಲ. ಆಗ ಪ್ರಶ್ನಾವಳಿ ಪಕ್ಕಕ್ಕಿಟ್ಟು, ಆ ವಾರ ಅಡುಗೆಮನೆಯಲ್ಲಿ ಏನೇನು ಮಾಡಿದಿರಿ ಹೇಳಿ ಎಂದು ಸುಮ್ಮನೆ ಮಾತಿಗೆ ಎಳೆದರು. ಬೇಕಿಂಗ್ ಮಾಡಿದೆ, ಕಲಸಿದ ಹಿಟ್ಟು ಸ್ವಲ್ಪ ರುಚಿ ನೋಡಿದೆ ಎಂಬ ಮಾತು ಒಬ್ಬರ ನಂತರ ಒಬ್ಬರಿಂದ ಬಂತು. ಹೋಟೆಲಿನಲ್ಲಿ ಊಟ ಬರುವ ತನಕ ಆಡಿಕೊಳ್ಳಲಿ ಎಂದು ಕೈಗೆ ಕೊಟ್ಟ ಹಸಿ ಹಿಟ್ಟಿನ ಉಂಡೆಯಲ್ಲಿ ಆಡಿದ ಮಕ್ಕಳೂ ಆ ಪಟ್ಟಿಯಲ್ಲಿದ್ದರು.

ಇಬ್ಬರ ಮನೆಯಲ್ಲಿ ಹಿಟ್ಟಿನ ಚೀಲ ಇನ್ನೂ ಇತ್ತು. ಚೀಲದ ಮೇಲಿನ ಸಂಖ್ಯೆ ಹಿಡಿದು ಹೋದರೆ ಎರಡೂ ಜನರಲ್ ಮಿಲ್ಸ್ ಕಂಪನಿಯ ಕಾನ್ಸಸ್ ಸಿಟಿ ಗಿರಣಿಯಿಂದ ಬಂದವು, 2015ರ ನವೆಂಬರಿನಲ್ಲಿ ಬೀಸಿದವು. ಆಮೇಲೆ ಅರಿಜೋನಾ, ಕೊಲರಾಡೊ, ಓಕ್ಲಹೋಮಾದ ರೋಗಿಗಳ ಮನೆಗಳಿಂದ ತಂದ ಹಿಟ್ಟಿನಲ್ಲೇ ಆ ಬ್ಯಾಕ್ಟೀರಿಯಾ ಸಿಕ್ಕಿತು. 2016ರ ಮೇ 31ರಂದು ಕಂಪನಿ ಹಿಟ್ಟನ್ನು ವಾಪಸು ಕರೆಯಲು ಶುರುಮಾಡಿತು. ವಾಪಸಾತಿ ಬೆಳೆಯುತ್ತಾ ಕೊನೆಗೆ ಸುಮಾರು 2 ಕೋಟಿ ಕಿಲೋ ಮುಟ್ಟಿತು. ಒಟ್ಟು 24 ರಾಜ್ಯಗಳಲ್ಲಿ 63 ಜನರಿಗೆ ಕಾಯಿಲೆ, 17 ಮಂದಿ ಆಸ್ಪತ್ರೆಗೆ, ಒಬ್ಬರಿಗೆ ಮೂತ್ರಪಿಂಡದ ತೊಂದರೆ. ಸಾವು ಆಗಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಒಂದು ದಿನಾಂಕ: ಕೊನೆಯ ರೋಗಿ ಹಾಸಿಗೆ ಹಿಡಿದದ್ದು ಸೆಪ್ಟೆಂಬರಿನಲ್ಲಿ. ಹಿಟ್ಟು ಬೀಸಿ ಹತ್ತು ತಿಂಗಳಾಗಿತ್ತು, ವಾಪಸು ಕರೆದು ಮೂರು ತಿಂಗಳಾಗಿತ್ತು. ಮನೆಗೆ ತಂದ ತಕ್ಷಣ ಹಿಟ್ಟನ್ನು ಡಬ್ಬಿಗೆ ಸುರಿದು ಚೀಲ ಎಸೆಯುತ್ತೇವಲ್ಲ, ಆಮೇಲೆ ವಾಪಸಾತಿಯ ಸುದ್ದಿ ಬಂದರೂ ತನ್ನ ಡಬ್ಬಿಯಲ್ಲಿರುವುದು ಅದೇ ಹಿಟ್ಟೋ ಅಲ್ಲವೋ ಯಾರಿಗೆ ಗೊತ್ತಾಗಬೇಕು? ಪ್ಯಾಕೆಟ್ಟಿನ ಬ್ರ್ಯಾಂಡ್, ಬ್ಯಾಚ್ ಸಂಖ್ಯೆ, ತಾರೀಕು ಇರುವ ಭಾಗವನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿಕೊಳ್ಳಿ. ನಾನು ಅದನ್ನು ಮಾಡುತ್ತೇನೆ, ಮನೆಯವರು ನಗುತ್ತಾರೆ.

'ನಾವೂ ಚಿಕ್ಕಂದಿನಲ್ಲಿ ಪಾತ್ರೆ ನೆಕ್ಕಿದವರೇ, ಏನಾಯಿತು?' ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ನೆಕ್ಕಿದ್ದೇನೆ. ಅವರ ಅನುಭವ ಸುಳ್ಳಲ್ಲ. ಬ್ಯಾಕ್ಟೀರಿಯಾ ಹಿಟ್ಟಿನಲ್ಲಿ ಉಪ್ಪಿನಂತೆ ಸಮನಾಗಿ ಬೆರೆತಿರುವುದಿಲ್ಲ. ಬಹಳಷ್ಟು ಚೀಲಗಳಲ್ಲಿ ಅದು ಇರುವುದೇ ಇಲ್ಲ. ಇರುವ ಚೀಲದಲ್ಲೂ ಒಂದು ಮೂಲೆಯಲ್ಲಿ ಗುಂಪಾಗಿದ್ದು ಉಳಿದ ಕಡೆ ಖಾಲಿಯಿರಬಹುದು. ಹಾಗಾಗಿ ಒಂದೇ ಚೀಲದ ಹಿಟ್ಟು ತಿಂದ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಬರಬಹುದು. ಆದರೆ ಆ ಒಬ್ಬರಿಗೆ ಬರಲು ಹೆಚ್ಚು ಬೇಕಿಲ್ಲ. ಈ ಜಾತಿಯ ಇ. ಕೊಲೈ ನೂರಕ್ಕಿಂತ ಕಡಿಮೆ ಕಣಗಳಿದ್ದರೂ ಸೋಂಕು ತರಬಲ್ಲದು. ಬೆರಳ ತುದಿಗೆ ಅಂಟಿದ ಹಿಟ್ಟಿನಲ್ಲಿ ಅಷ್ಟು ಇರಲು ಸಾಧ್ಯ. 'ಸ್ವಲ್ಪ ತಾನೇ' ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡವರು ತಮ್ಮ ಮಟ್ಟಿಗೆ ಈ ಸಣ್ಣ ಅಪಾಯ ಒಪ್ಪಿಕೊಂಡರೆ ನಾನು ಜಗಳವಾಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಮಟ್ಟಿಗೆ ಒಪ್ಪುವುದಿಲ್ಲ, ಕಾರಣ ಆಮೇಲೆ ಬರುತ್ತದೆ.

ಈಗ ಮೈಕ್ರೋವೇವ್. ಬಿಸಿ ಮಾಡಿದರೆ ರೋಗಾಣು ಸಾಯುತ್ತದೆ, ಹಿಟ್ಟನ್ನೂ ಬಿಸಿ ಮಾಡಿದರಾಯಿತು ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಎಡವುವುದು ನೀರಿನ ವಿಷಯದಲ್ಲಿ. ಬಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದರ ಪ್ರೋಟೀನುಗಳನ್ನು ಬಿಚ್ಚಿ ಹಾಳುಮಾಡಿ. ಪ್ರೋಟೀನು ಬಿಚ್ಚಿಕೊಳ್ಳಲು ಸುತ್ತ ನೀರಿರಬೇಕು. ಹಾಲಿನಂಥ ನೀರು ಹೆಚ್ಚಿರುವ ಆಹಾರದಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಬ್ಯಾಕ್ಟೀರಿಯಾಗಳು ಸೆಕೆಂಡುಗಳಲ್ಲಿ ಸಾಯುತ್ತವೆ. ಒಣ ಹಿಟ್ಟಿನಲ್ಲಿ ಅದೇ ಬ್ಯಾಕ್ಟೀರಿಯಾ ಅದೇ ಬಿಸಿಯನ್ನು ಹಲವು ನಿಮಿಷ ತಡೆದುಕೊಳ್ಳುತ್ತದೆ. ವಿಡಿಯೊಗಳಲ್ಲಿ ಹೇಳುವ '74 ಡಿಗ್ರಿ ಬಂದರೆ ಸಾಕು' ಎಂಬ ಮಾತು ಕೋಳಿಮಾಂಸದ ನಿಯಮ. ಅದನ್ನು ತಂದು ಒಣ ಹಿಟ್ಟಿಗೆ ಅಂಟಿಸಿದ್ದಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಒಣ ಹಿಟ್ಟಿನಲ್ಲಿ ಯಾವುದೋ ಒಂದು ಬಿಸಿಯಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಹತ್ತರಲ್ಲಿ ಒಂದಕ್ಕೆ ಇಳಿಯಲು 5 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಮೊದಲ 5 ನಿಮಿಷಕ್ಕೆ ಒಂದು ಲಕ್ಷ ಇದ್ದದ್ದು ಹತ್ತು ಸಾವಿರವಾಗುತ್ತದೆ, ಇನ್ನೈದು ನಿಮಿಷಕ್ಕೆ ಸಾವಿರ, ಹೀಗೆ ಒಂದಕ್ಕೆ ಬರಲು 25 ನಿಮಿಷ. ಈ 25 ನಿಮಿಷ ಶುರುವಾಗುವುದು ಮೈಕ್ರೋವೇವ್ ಗುಂಡಿ ಒತ್ತಿದಾಗ ಅಲ್ಲ, ಬಟ್ಟಲಿನಲ್ಲಿರುವ ಹಿಟ್ಟಿನ ಪ್ರತಿ ಚಿಟಿಕೆಯೂ ಆ ಬಿಸಿಯನ್ನು ಮುಟ್ಟಿದ ಮೇಲೆ. ಅಲ್ಲಿಗೇ ಎರಡನೆಯ ತೊಡಕು. ಹಿಟ್ಟಿನ ಕಣಗಳ ನಡುವೆ ತುಂಬಿರುವುದು ಗಾಳಿ, ಹಾಗಾಗಿ ಬಿಸಿ ಅದರಲ್ಲಿ ಬಹಳ ನಿಧಾನವಾಗಿ ಹರಿಯುತ್ತದೆ. ಮೈಕ್ರೋವೇವ್ ಒಂದು ಕಡೆ ಕಂದಿಸುತ್ತದೆ, ಎರಡು ಬೆರಳು ಆಚೆ ಬೆಚ್ಚಗೆ ಬಿಡುತ್ತದೆ. ಥರ್ಮಾಮೀಟರ್ ಚುಚ್ಚಿದರೆ ಅದು ಚುಚ್ಚಿದ ಜಾಗದ ಬಿಸಿಯನ್ನು ಮಾತ್ರ ಹೇಳುತ್ತದೆ. ಓವನ್ನಿನಲ್ಲಿ ತೆಳ್ಳಗೆ ಹರಡಿ ಐದು ನಿಮಿಷ ಇಟ್ಟರೂ, ಬಾಣಲೆಯಲ್ಲಿ ಹುರಿದರೂ ಪ್ರಶ್ನೆ ಅದೇ: ಅತಿ ಕಡಿಮೆ ಬಿಸಿಯಾದ ಚಿಟಿಕೆಗೆ ಎಷ್ಟು ಹೊತ್ತು ಎಷ್ಟು ಬಿಸಿ ಸಿಕ್ಕಿತು? ಅದನ್ನು ಮನೆಯಲ್ಲಿ ಅಳೆಯುವ ದಾರಿಯಿಲ್ಲ. ಘಮ ಬಂತು, ಬಣ್ಣ ತಿರುಗಿತು ಎಂಬುದು ರುಚಿಗೆ ಒಳ್ಳೆಯ ಗುರುತು, ಬ್ಯಾಕ್ಟೀರಿಯಾ ಸತ್ತದ್ದಕ್ಕೆ ಗುರುತಲ್ಲ. ಹುರಿದ ಹಿಟ್ಟಿನಲ್ಲಿ ಸಂಖ್ಯೆ ಖಂಡಿತ ಕಡಿಮೆಯಾಗಿರುತ್ತದೆ. ಆದರೆ ಎಷ್ಟು ಕಡಿಮೆ ಎಂದು ಹೇಳಲಾಗದ ಹಿಟ್ಟನ್ನು ನಾಲ್ಕು ವರ್ಷದ ಮಗುವಿಗೆ 'ಸುರಕ್ಷಿತ' ಎಂದು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಮನೆಯಲ್ಲಿ ಹಿಟ್ಟನ್ನು ಹೀಗೆ ಬಿಸಿ ಮಾಡಿ ಹಸಿಯಾಗಿ ಬಳಸಬೇಡಿ ಎಂದೇ ಹೇಳುತ್ತದೆ.

ಕಾರ್ಖಾನೆಗಳು ಶಾಖ ಸಂಸ್ಕರಿಸಿದ ಹಿಟ್ಟು ಮಾಡುತ್ತವೆ, 'ಹಸಿಯಾಗಿ ತಿನ್ನಬಹುದು' ಎಂದು ಬರೆದಿರುವ ಕುಕಿ ಹಿಟ್ಟು ಅದರಿಂದಲೇ ಆಗುವುದು. ಅವರು ಯಂತ್ರದ ಪ್ರತಿ ಮೂಲೆಯ ಬಿಸಿ, ಹೊತ್ತು, ತೇವ ಅಳೆದು, ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡಿರುತ್ತಾರೆ. ಪ್ಯಾಕೆಟ್ಟಿನ ಮೇಲೆ ಬೇಯಿಸದೆ ತಿನ್ನಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಅದನ್ನು ಕೊಡಿ. ಬರೆದಿಲ್ಲದಿದ್ದರೆ, ರೆಡಿ ಕೇಕ್ ಮಿಕ್ಸ್ ಆದರೂ ಸರಿ, ಅದರಲ್ಲಿರುವುದು ಹಸಿ ಹಿಟ್ಟೇ. 2021ರಲ್ಲಿ ಅಮೆರಿಕದಲ್ಲೇ ಕೇಕ್ ಮಿಕ್ಸಿನ ಹಸಿ ಹಿಟ್ಟಿನಿಂದ 16 ಜನ ಕಾಯಿಲೆ ಬಿದ್ದದ್ದು ದಾಖಲಾಗಿದೆ.

ಮಗಳಿಗೆ ನೆಕ್ಕಲು ಏನೂ ಇಲ್ಲದಂತೆ ಮಾಡಬೇಕಿಲ್ಲ. ನೀರಿನ ಅದೇ ಗುಟ್ಟನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಹಿಟ್ಟನ್ನು ಒಣಗಿಯೇ ಬಿಸಿ ಮಾಡುವ ಬದಲು ಹಾಲಿನಲ್ಲಿ ಬೇಯಿಸಿ. 250 ಮಿಲಿ ತಣ್ಣನೆಯ ಹಾಲಿಗೆ ಸುಮಾರು 40 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ ಹಾಕಿ ಒಂದೂ ಗಂಟಿಲ್ಲದಂತೆ ಕಲಕಿ. ಚಾಕೊಲೇಟ್ ರುಚಿ ಬೇಕಿದ್ದರೆ ಕೋಕೋ ಪುಡಿಯನ್ನೂ ಈಗಲೇ ಹಾಕಿ. ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವುತ್ತಿದ್ದರೆ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಗುಳ್ಳೆಯೊಡೆಯುತ್ತದೆ. ಗುಳ್ಳೆ ಬಂದ ಮೇಲೂ ಎರಡು ನಿಮಿಷ ಬೇಯಲಿ. ಇಲ್ಲಿ ತಪ್ಪುವುದು ಒಂದೇ ಕಡೆ: ಪಾತ್ರೆಯ ಅಂಚಿಗೆ, ಸೌಟಿನ ಹಿಡಿಗೆ ಒಣ ಹಿಟ್ಟು ಅಂಟಿಕೊಂಡು ಬೇಯದೆ ಉಳಿಯುತ್ತದೆ. ಮೊದಲೇ ಅಂಚನ್ನು ಒರೆಸಿ ಒಳಗೆ ಸೇರಿಸಿಬಿಡಿ, ಗಂಟು ಉಳಿದರೆ ಒಡೆಯಿರಿ. ಈ ಗಂಜಿಯನ್ನು ಮುಚ್ಚಿಟ್ಟು ಪೂರ್ತಿ ತಣ್ಣಗಾಗಲು ಬಿಡಿ, ಬೆಚ್ಚಗಿದ್ದರೆ ಬೆಣ್ಣೆ ಕರಗಿ ನೀರಾಗುತ್ತದೆ. 200 ಗ್ರಾಂ ಮೆತ್ತಗಿನ ಬೆಣ್ಣೆಯನ್ನು ಹಗುರಾಗುವ ತನಕ ಕಡೆದು, ಗಂಜಿಯನ್ನು ಒಂದೊಂದೇ ಚಮಚ ಸೇರಿಸುತ್ತಾ ಕಡೆಯಿರಿ. ಬರುವುದು ಕೇಕಿನ ಮೇಲೆ ಹಚ್ಚುವ ಹಗುರಾದ ಕ್ರೀಮು. ಆ ಪಾತ್ರೆಯನ್ನು ಮಗಳ ಕೈಗೇ ಕೊಡಬಹುದು. ಕುಕಿ ಹಿಟ್ಟಿನ ಮರಳು ಮರಳಾದ ರುಚಿಯೇ ಬೇಕೆಂದು ಹಟ ಹಿಡಿದರೆ ಚೆನ್ನಾಗಿ ಬೆಂದ ಸಾದಾ ಬಿಸ್ಕತ್ತನ್ನು ಪುಡಿ ಮಾಡಿ ಈ ಕ್ರೀಮಿನಲ್ಲಿ ಕಲಸಿ ಉಂಡೆ ಮಾಡಿ ಕೊಡಿ. ಬೆಂದು ಬಂದ ಹಿಟ್ಟು ಅದು, ಚಿಂತೆಯಿಲ್ಲ. ಒಂದೇ ಷರತ್ತು, ಈ ಕೆಲಸಕ್ಕೆ ಹಸಿ ಹಿಟ್ಟು ತಾಗಿದ ಬಟ್ಟಲು, ಚಮಚ ಬೇಡ. ಹಿಟ್ಟಿನ ಧೂಳು ಎಲ್ಲೆಲ್ಲಿ ಕೂರುತ್ತದೆ ಎಂಬುದು ನಿಮಗೇ ಗೊತ್ತು. ಕಟ್ಟೆ ಒರೆಸಿ, ಮಗಳ ಕೈಯನ್ನು ಸೋಪು ಹಾಕಿ ತೊಳೆಸಿದ ಮೇಲೆ ಕೊಡಿ.

ಇನ್ನು ನಿನ್ನೆಯ ಎರಡು ಚಮಚ. ಸಾಲ್ಮೊನೆಲ್ಲಾ ಆಗಿದ್ದರೆ ಆರು ಗಂಟೆಯಿಂದ ಆರು ದಿನದೊಳಗೆ ಜ್ವರ, ಭೇದಿ, ಹೊಟ್ಟೆನೋವಿನಿಂದ ಗೊತ್ತಾಗುತ್ತದೆ. ಇ. ಕೊಲೈ ಸಾಮಾನ್ಯವಾಗಿ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಹತ್ತು ದಿನ. ಈ ತಡದಿಂದಲೇ ಜನ ದಾರಿ ತಪ್ಪುತ್ತಾರೆ, ಭಾನುವಾರ ನೆಕ್ಕಿದ ಪಾತ್ರೆ ಗುರುವಾರ ಯಾರಿಗೂ ನೆನಪಿರುವುದಿಲ್ಲ, ಬುಧವಾರದ ಊಟವನ್ನು ಬೈಯುತ್ತಾರೆ. ಆದ್ದರಿಂದ ನಿನ್ನೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಶುರುವಿಗೆ ಹೊಟ್ಟೆ ಹಿಂಡಿದಂಥ ನೋವು, ನೀರುಭೇದಿ ಇರುತ್ತದೆ. ಜ್ವರ ಹೆಚ್ಚಿಲ್ಲದೆಯೂ ಇರಬಹುದು. ಆಮೇಲೆ ಭೇದಿಯಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ರಕ್ತ ಕಂಡರೆ ಮನೆಮದ್ದು ನೋಡುತ್ತಾ ಕೂರದೆ ಅದೇ ದಿನ ವೈದ್ಯರಿಗೆ ತೋರಿಸಿ, ಹಸಿ ಹಿಟ್ಟು ತಿಂದದ್ದನ್ನು ನೀವಾಗಿಯೇ ಹೇಳಿ. ಅದು ಗೊತ್ತಾದರೆ ಮಲ ಪರೀಕ್ಷೆಯಲ್ಲಿ ಶಿಗಾ ನಂಜನ್ನು ಹುಡುಕಿಸುತ್ತಾರೆ.

ಅಲ್ಲಿಯ ತನಕ ಎರಡು ತಪ್ಪು ಆಗದಂತೆ ನೋಡಿಕೊಳ್ಳಿ. ಭೇದಿ ನಿಲ್ಲಿಸುವ ಲೋಪೆರಮೈಡ್‌ನಂಥ ಮಾತ್ರೆ ಕೊಡಬೇಡಿ, ಹೊರಹೋಗಬೇಕಾದ ನಂಜು ಕರುಳಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಹಿಂದಿನ ಸಲದ ಆಂಟಿಬಯೋಟಿಕ್ ಉಳಿದಿದೆಯೆಂದು ಅದನ್ನೂ ಕೊಡಬೇಡಿ, ಈ ಸೋಂಕಿನಲ್ಲಿ ಕೆಲವು ಆಂಟಿಬಯೋಟಿಕ್‌ಗಳಿಂದ ಮೂತ್ರಪಿಂಡದ ಅಪಾಯ ಹೆಚ್ಚಬಹುದು. ಓಆರ್‌ಎಸ್ ಮಾತ್ರ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಹಟ ಮಾಡುವುದು ಮುಂದಿನ ಹಂತಕ್ಕಾಗಿ. ಈ ಸೋಂಕು ಪತ್ತೆಯಾದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ನಂಜು ರಕ್ತಕ್ಕೆ ಇಳಿದು ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು. ಇದು ಬರುವುದು ಭೇದಿ ಜೋರಾಗಿರುವಾಗ ಅಲ್ಲ. ಶುರುವಾಗಿ ಸುಮಾರು ಒಂದು ವಾರಕ್ಕೆ, ಭೇದಿ ಇಳಿಮುಖವಾಗಿ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಬರುತ್ತದೆ. ಮಗು ಮೂತ್ರ ಮಾಡುವುದು ತೀರಾ ಕಡಿಮೆಯಾಗುತ್ತದೆ, ಕೆನ್ನೆ ಮತ್ತು ಕಣ್ಣಿನ ಒಳರೆಪ್ಪೆಯ ಕೆಂಪು ಹೋಗಿ ಬಿಳಿಚಿಕೊಳ್ಳುತ್ತದೆ, ಮುಖ ಊದಿದಂತೆ ಕಾಣಬಹುದು, ಮಗು ಆಟ ಬಿಟ್ಟು ಮಂಕಾಗಿ ಮಲಗುತ್ತದೆ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ, ಮಕ್ಕಳ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತು ದಿನ ಕಳೆದೂ ಮಗಳು ಎಂದಿನಂತೆ ಕುಣಿದಾಡಿಕೊಂಡಿದ್ದರೆ ಕ್ಯಾಲೆಂಡರಿನ ಗುರುತನ್ನು ಅಳಿಸಿಬಿಡಿ.